ಮಹಡಿ ಮನೆಯ ಅಡ್ವಾನ್ಸ್

ಮಧುಗಿರಿಯಲ್ಲಿ ಕೆಳಮನೆಯಲ್ಲಿ ನಾನು ಬಟ್ಟೆ ಹೊಲಿಯುತ್ತೇನೆ, ಮಹಡಿಯ ಮನೆಯನ್ನು ಬಾಡಿಗೆಗೆ ಕೊಡುತ್ತೇನೆ. ಆಗ ಅಲ್ಲಿ ಒಬ್ಬ ಟೀಚರಮ್ಮ ಇದ್ದರು. ಗಂಡನಿಗೆ ಪಾವಗಡದಲ್ಲಿ ಕೆಲಸ. ಮದುವೆಯಾಗಿ ನಾಲ್ಕು ವರ್ಷವಾದರೂ ಭಾನುವಾರದ ಸಂಸಾರ.

ಒಂದು ಸಂಜೆ ಅವರು ಮೆಟ್ಟಿಲಿಳಿದು ಬಂದರು. ಕೈಯಲ್ಲಿ ಒಂದು ಹಾಳೆ.

"ಅಕ್ಕಾ, ಪಾವಗಡಕ್ಕೆ ವರ್ಗ ಆಯ್ತು. ಹದಿನೈದನೇ ತಾರೀಖು ಖಾಲಿ ಮಾಡ್ತೀನಿ. ಕರಾರಲ್ಲಿ ಎರಡು ತಿಂಗಳ ಮುಂಚೆ ಹೇಳ್ಬೇಕು ಅಂತಿದೆ, ಗೊತ್ತು. ಅದಕ್ಕೇ ಬರ್ದು ಕೊಡ್ತಿದೀನಿ. ಎರಡು ತಿಂಗಳ ಬಾಡಿಗೆ ಹಿಡ್ಕೊಂಡ್ರೂ ಬೇಜಾರಿಲ್ಲ."

ಹನ್ನೊಂದು ತಿಂಗಳ ಕರಾರು, ಐದೇ ತಿಂಗಳಾಗಿತ್ತು. ಹದಿನೈದಕ್ಕೆ ಉಳಿದಿದ್ದು ಹನ್ನೆರಡು ದಿನ. ನನಗೆ ಅವರ ಸಂತೋಷಕ್ಕಿಂತ ಮೊದಲು ನನ್ನ ದಿಗಿಲೇ ಕಂಡಿತು. ಅವರು ಕೊಟ್ಟಿದ್ದ ಮೂವತ್ತು ಸಾವಿರ ಅಡ್ವಾನ್ಸ್ ನನ್ನ ಹತ್ತಿರ ಇರಲಿಲ್ಲ.

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ದುಡ್ಡು ಮಿಷಿನ್ ಆಗ್‌ಬುಟ್ಟೈತೆ ಕಣಮ್ಮ" ಎಂದು ಮೂಲೆಯಲ್ಲಿದ್ದ ಹೊಸ ಹೊಲಿಗೆ ಯಂತ್ರವನ್ನು ತೋರಿಸಿದೆ. "ಬೇರೆ ಯಾರಾದ್ರೂ ಬಂದ್ರೆ ಅವ್ರ ಅಡ್ವಾನ್ಸಲ್ಲೇ ನಿಮ್ದು ಕೊಡ್ಬೇಕು."

ಅವರು ಕೋಪಿಸಿಕೊಳ್ಳಲಿಲ್ಲ. "ಹಂಗಾದ್ರೆ ನಾನೇ ಹುಡುಕ್ತೀನಿ" ಎಂದರು.

ನಾಲ್ಕನೇ ದಿನ ಒಬ್ಬ ಹೆಂಗಸನ್ನು ಕರೆತಂದರು. ಬುಕ್ಕಾಪಟ್ಟಣದ ಕಡೆಯವಳು, ಕೋರ್ಟಿನಲ್ಲಿ ಟೈಪಿಸ್ಟ್. ಏಳು ವರ್ಷದ ಮಗಳು ಟೀಚರಮ್ಮನ ಶಾಲೆಯಲ್ಲೇ ಓದುತ್ತಿದ್ದಳು. ಗಂಡನಿಂದ ಬೇರೆಯಾದವಳೆಂದು ತಿಳಿದು ಮೂರು ಕಡೆ ಮನೆ ಕೊಟ್ಟಿರಲಿಲ್ಲವಂತೆ. ನನಗೂ ಒಂದು ಕ್ಷಣ ಬೀದಿಯವರ ಬಾಯಿ ನೆನಪಾಯಿತು. ಆದರೆ ನಾನೂ ಸೂಜಿ ದಾರ ನಂಬಿ ಒಬ್ಬಳೇ ಮಕ್ಕಳನ್ನು ಸಾಕಿದವಳಲ್ಲವೇ?

"ಹದಿನಾರಕ್ಕೆ ಬಂದ್‌ಬುಡಮ್ಮ" ಎಂದೆ.

ಅವಳು ತಡವರಿಸಿದಳು. "ಅಡ್ವಾನ್ಸು ಈಗ ಇಪ್ಪತ್ತು ಸಾವ್ರ ಆಯ್ತದೆ ಅಕ್ಕ. ಮಿಕ್ಕಿದ್ದು ಬರೋ ತಿಂಗ್ಳು ಸಂಬ್ಳ ಬಂದ್ಮೇಲೆ."

ಟೀಚರಮ್ಮನೇ ಮಧ್ಯೆ ಬಂದರು. "ನಂಗೂ ಈಗ ಇಪ್ಪತ್ತೇ ಕೊಡಿ ಅಕ್ಕಾ. ಉಳಿದಿದ್ದು ಆಮೇಲೆ ಕಳ್ಸಿ."

ಹದಿನೈದರ ಬೆಳಿಗ್ಗೆ ಸಾಮಾನು ಲಗ್ಗೇಜ್ ಆಟೋ ಏರಿದ ಮೇಲೆ ಇಬ್ಬರೂ ಲೆಕ್ಕಕ್ಕೆ ಕೂತೆವು. ಮನೆ ಒಂದು ದಿನವೂ ಖಾಲಿ ಉಳಿಯದ್ದರಿಂದ ನೋಟಿಸಿನ ಬಾಡಿಗೆ ಹಿಡಿಯಲಿಲ್ಲ. ಐದು ಸಾವಿರದ ಬಾಡಿಗೆಯಲ್ಲಿ ಅರ್ಧ ತಿಂಗಳಿಗೆ ಎರಡೂವರೆ ಸಾವಿರ, ಮೀಟರ್ ನೋಡಿ ಕರೆಂಟಿಗೆ ಮುನ್ನೂರು. ಅವರಿಗೆ ಬರಬೇಕಾದದ್ದು ಇಪ್ಪತ್ತೇಳು ಸಾವಿರದ ಇನ್ನೂರು. ಹೊಸಬಳು ಕೊಟ್ಟಿದ್ದ ಇಪ್ಪತ್ತು ಸಾವಿರವನ್ನು ಅವರ ಕೈಗಿಟ್ಟು, ಬಾಕಿಯನ್ನು ಹಳೆಯ ಕರಾರಿನ ಹಿಂದೆ ಬರೆದು ಇಬ್ಬರೂ ಸಹಿ ಹಾಕಿದೆವು. ಬೀಗದ ಕೈ ಕೊಡುವಾಗ ಅವರ ಕಣ್ಣು ತುಂಬಿತ್ತು.

ಮುಂದಿನ ತಿಂಗಳು ಹೊಸಬಳು ಹೇಳಿದ ದಿನವೇ ಹತ್ತು ಸಾವಿರ ತಂದುಕೊಟ್ಟಳು. ಆ ಸಂಜೆಯೇ ಏಳು ಸಾವಿರದ ಇನ್ನೂರನ್ನು ಪಾವಗಡಕ್ಕೆ ಕಳಿಸಿದೆ. ತಕ್ಷಣ ಟೀಚರಮ್ಮನ ಫೋನು.

"ದುಡ್ಡು ಬಂತು ಅಕ್ಕಾ. ಇವರು ಒಳಗೆ ಚಪಾತಿ ಲಟ್ಟಿಸ್ತಿದಾರೆ. ಒಂದೂ ದುಂಡಗಿಲ್ಲ!"

ಅವರ ನಗುವಿನ ಹಿಂದೆ ಗಂಡಸಿನ ನಗುವೂ ಕೇಳಿಸಿತು.