ಹೊಸ್ತಿಲಲ್ಲಿ ಝಾಡಿಸಿದ ಅಂಗಿ

ನಿಜಾಮರ ಕಾಲದಲ್ಲಿ ನಾನು ಲಿಂಗಸೂಗೂರಿನಲ್ಲಿ ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿನಲ್ಲಿ ಹತ್ತಿ ತೂಗುತ್ತಿದ್ದೆ. ಸಂಜೆ ಹೆಂಡತಿ ಹೊಸ್ತಿಲಲ್ಲೇ ನಿಲ್ಲಿಸಿ, ಅಂಗಿಗಂಟಿದ ಹತ್ತಿಯನ್ನು ಝಾಡಿಸಿ ಒಳಗೆ ಬಿಡುತ್ತಿದ್ದಳು.

ಒಂದು ದಿನ ಜಿನ್ನಿನ ಲೆಕ್ಕ ನೋಡುವ ಮುನೀಮರು ಕೊನೆಯ ಪಗಾರ ಕೈಗಿಟ್ಟು, "ನಾಳಿಂದ ಬರಬ್ಯಾಡ್ರಿ" ಎಂದುಬಿಟ್ಟರು. ಮನೆಯಲ್ಲಿ ಹೇಳಲು ಬಾಯಿ ಬರಲಿಲ್ಲ. ಆ ದುಡ್ಡನ್ನೇ ವಾರವಾರ ಸ್ವಲ್ಪಸ್ವಲ್ಪ ಹೆಂಡತಿಯ ಕೈಗೆ ಕೊಟ್ಟೆ. ಎಂದಿನಂತೆ ಬುತ್ತಿ ಹಿಡಿದು ಹೊರಟು, ಅಂಗಡಿ ಅಂಗಡಿಗೆ ಕೆಲಸ ಕೇಳಿದೆ. ಮಸ್ಕಿ, ಸಿಂಧನೂರಿಗೂ ಹೇಳಿಕಳಿಸಿದೆ. ಎಲ್ಲೂ ಆಗಲಿಲ್ಲ. ಉಳಿದ ಹೊತ್ತು ಊರಾಚೆಯ ಬಾವಿಕಟ್ಟೆಯಲ್ಲಿ ಕೂತೆ.

ತಿಂಗಳಿಗೆ ದುಡ್ಡು ತೀರಿತು. ಹೊಸ್ತಿಲಲ್ಲಿ ನಿಂತು ಎಲ್ಲ ಹೇಳಿ ಅತ್ತುಬಿಟ್ಟೆ.

"ಮೊದಲನೇ ದಿನಾನ ಗೊತ್ತಾಗಿತ್ರಿ. ಅಂಗೀಗೆ ಒಂದೆಳಿ ಹತ್ತಿ ಇರಲಿಲ್ಲ" ಎಂದಳು.

ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ! ಆ ತಿಂಗಳೆಲ್ಲ ಅವಳು ದಿನಾ ಸಂಜೆ ಆ ಸ್ವಚ್ಛ ಅಂಗಿಯನ್ನೇ ಝಾಡಿಸಿದ್ದಳು.