ಬೀಪ್ ಸದ್ದಿಗೆ ನಡುಗಿದ ಚಿಮಟ

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಚಳ್ಳಕೆರೆಯಲ್ಲಿ ಮೋಟರು, ಟಿವಿ ರಿಪೇರಿ ಮಾಡುತ್ತಲೇ, ಫೋನಿನಲ್ಲಿ ವಿಡಿಯೋ ನೋಡಿ ಸಣ್ಣ ಬೋರ್ಡುಗಳಿಗೆ ಪ್ರೋಗ್ರಾಂ ಬರೆಯುವುದನ್ನೂ ಕಲಿತೆ. ಯಾರನ್ನೂ ಕೇಳದೆ ಕಲಿತೆನೆಂಬ ಹೆಮ್ಮೆ ಇತ್ತು. ಆ ಹೆಮ್ಮೆಯೇ ಮಾಡಬಾರದ್ದನ್ನು ಮಾಡಿಸಿತು.

ಅಣ್ಣ ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದ. ಲಕ್ವ ಹೊಡೆದ ಮೇಲೆ ಎಡತೋಳಿಗೆ ಬಲ ವಾಪಸ್ ಬಂತು, ಬೆರಳಿಗೆ ಬರಲಿಲ್ಲ. ಮಗ್ಗ ನಡೆಸಬಲ್ಲ, ಆದರೆ ಎಳೆ ಹರಿದರೆ ಗಂಟು ಹಾಕಲಾರ. ಅತ್ತಿಗೆ ಶಾಲೆಯ ಅಡುಗೆ ಕೆಲಸಕ್ಕೆ ಹೋದರೆ, ಹರಿದ ಎಳೆಯ ಮುಂದೆ ಅವಳು ಬರುವ ತನಕ ಕೂತಿರುತ್ತಿದ್ದ.

“ಒಂದು ತುದಿ ಯಾರಾದ್ರೂ ಹಿಡ್ಕಂಡ್ರೆ ಸಾಕು ಕಣ್ಲೇ, ಇನ್ನೊಂದು ಈ ಬಲಗೈಯಾಗೇ ಸುತ್ತಿಬಿಡ್ತೀನಿ” ಅಂದಿದ್ದ.

ಹಿಡಿಯುವುದಕ್ಕೆ ಒಂದು ಚಿಮಟ ಮಾಡಿದೆ. ಅದರ ಬಾಯಿ ತೆರೆದು ಮುಚ್ಚಲು ಆಟದ ವಿಮಾನಗಳಿಗೆ ಹಾಕುವ ಸರ್ವೋ ಎಂಬ ಸಣ್ಣ ಮೋಟರು. ಅದಕ್ಕೆ ಸೆಕೆಂಡಿಗೆ ಐವತ್ತು ಸಲ ಒಂದೊಂದು ಮಿಡಿತ ಕಳಿಸಬೇಕು. ಮಿಡಿತ ಒಂದು ಮಿಲಿಸೆಕೆಂಡು ಉದ್ದವಿದ್ದರೆ ಒಂದು ಕಡೆ ತಿರುಗುತ್ತದೆ, ಎರಡಿದ್ದರೆ ಇನ್ನೊಂದು ಕಡೆ, ಒಂದೂವರೆಗೆ ನಡುವೆ ನಿಲ್ಲುತ್ತದೆ. ರೇಷ್ಮೆ ಹಿಸುಕದಂತೆ, ಜಾರದಂತೆ ಹಿಡಿಯುವ ಅಳತೆ ಸಿಗಲು ವಾರ ಹಿಡಿಯಿತು.

ಕಾಲಲ್ಲಿ ಒತ್ತುವ ಸ್ವಿಚ್ಚೂ ಇಟ್ಟೆ. ಅಣ್ಣನಿಗೆ ಕಣ್ಣೂ ಮಂದ. “ಹಿಡಿದಿದ್ದು ಕಾಣಾಕಿಲ್ಲ, ಒಂದು ಸದ್ದು ಮಾಡ್ಸು” ಅಂದ. ಕೊನೆಯಲ್ಲಿ ಬಜರ್ ಸೇರಿಸಿದೆ. ಕಿವಿಗೆ ಕೇಳಿತು, ಎಳೆ ಕೊಟ್ಟು ಮತ್ತೆ ನೋಡದೆ ಮುಗಿಯಿತೆಂದುಕೊಂಡೆ.

ಮಗ್ಗದ ಪಕ್ಕ ಕೂರಿಸಿದ ದಿನ ಅಣ್ಣ ಸ್ವಿಚ್ ಒತ್ತಿದ. ಚಿಮಟ ಹಿಡಿಯಿತು, ಬೀಪ್ ಅಂತು, ಎಳೆ ಹರಿಯಿತು. ಮತ್ತೆ ಒತ್ತಿದ, ಮತ್ತೆ ಹರಿಯಿತು. ಐದಾರು ಸಲ.

“ಲೇ ತಮ್ಮಾ, ಇದು ಜಗ್ಗಿದಂಗೆ ಆಗ್ತೈತೆ.”

“ಜಗ್ಗಾಕೆ ಅದಕ್ಕೇನು ಜೀವ ಐತಾ? ನಿನ್ನ ಕೈ ನಡುಗ್ತೈತೆ.”

“ಈ ಬಲಗೈಗೇನಾಗಿಲ್ಲಪ್ಪಾ. ನಲವತ್ತು ವರ್ಷ ನೇಯ್ದ ಕೈ.”

“ಲಕ್ವ ಹೊಡೆದೋರು ಎಲ್ರೂ ಹಂಗೇ ಅಂತಾರೆ” ಅಂದೆ.

ಅತ್ತಿಗೆ ನನ್ನ ಮುಖ ನೋಡಿದಳು. ನಾನು ಜೇಬಿನಿಂದ ಗೋಣಿ ಹೊಲಿಯುವ ದಪ್ಪ ದಾರ ತೆಗೆದು ಚಿಮಟಕ್ಕೆ ಕೊಟ್ಟೆ. ಹರಿಯಲಿಲ್ಲ. “ನೋಡಿದ್ಯಾ?” ಅಂದೆ. ಅಣ್ಣ ತನ್ನ ಬಲಗೈಯನ್ನು ಎತ್ತಿ ಹಿಡಿದು ಬಹಳ ಹೊತ್ತು ನೋಡಿದ. “ಇದೂ ಹೋಯ್ತೇನೋ ಹಂಗಾದ್ರೆ” ಅಂದ. ನಾನು ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದೆ.

ಎರಡು ತಿಂಗಳ ಮೇಲೆ, ಪರಿಚಯದವರ ಕೈಲಿ ಚಿಮಟ ನನ್ನ ರಿಪೇರಿ ಅಂಗಡಿಗೆ ವಾಪಸ್ ಬಂತು. ಬಿಚ್ಚಿ ಸಾಮಾನು ಬೇರೆಯದಕ್ಕೆ ಬಳಸೋಣವೆಂದು ಮೇಜಿನ ಮೇಲಿಟ್ಟು, ಸುಮ್ಮನೆ ಒಮ್ಮೆ ಸ್ವಿಚ್ ಒತ್ತಿದೆ. ಸಂಜೆ ಬಿಸಿಲು ಓರೆಯಾಗಿ ಬೀಳುತ್ತಿತ್ತು. ಚಿಮಟದ ನೆರಳು ಗೋಡೆಯ ಮೇಲೆ ದೊಡ್ಡದಾಗಿ ಮೂಡಿತ್ತು. ಬೀಪ್ ಅಂದಾಗ ಆ ನೆರಳು ನಡುಗಿತು. ಸದ್ದು ನಿಂತಿತು, ನಡುಕವೂ ನಿಂತಿತು.

ಪ್ರೋಗ್ರಾಂ ತೆಗೆದು ನೋಡಿದೆ. ಆ ಬೋರ್ಡಿನಲ್ಲಿ ಮಿಡಿತ ಕಳಿಸುವ ಚಾನಲ್ಲುಗಳಲ್ಲಿ ಸೊನ್ನೆ-ಒಂದಕ್ಕೆ ಒಂದೇ ಟೈಮರು, ಎರಡು-ಮೂರಕ್ಕೆ ಇನ್ನೊಂದು. ಸರ್ವೋವನ್ನು ಸೊನ್ನೆಯಲ್ಲಿಟ್ಟಿದ್ದೆ, ಬಜರನ್ನು ಒಂದರಲ್ಲಿ. ಬಜರ್ ಕೂಗಲು ಟೈಮರು ಸೆಕೆಂಡಿಗೆ ಎರಡು ಸಾವಿರ ಸಲ ಓಡಬೇಕು. ಅದು ಹಾಗೆ ಓಡಿದ ಕೂಡಲೇ ಸರ್ವೋದ ಐವತ್ತೂ ಎರಡು ಸಾವಿರವಾಗಿ, ಮಿಡಿತ ಚೂರುಚೂರಾಗಿ, ಬಾಯಿ ದಿಕ್ಕುತಪ್ಪುತ್ತಿತ್ತು. ಬಜರನ್ನು ಒಂದರಿಂದ ತೆಗೆದು ಎರಡು ಎಂಬ ಚಾನಲ್ಲಿಗೆ ಹಾಕಿದೆ. ಅದಕ್ಕೆ ಬೇರೆ ಟೈಮರು. ಬದಲಿಸಿದ್ದು ಒಂದೇ ಅಂಕಿ. ಸದ್ದಾಯಿತು, ನೆರಳು ಅಲುಗಲಿಲ್ಲ.

ಮರುದಿನ ಚಿಮಟ ಹಿಡಿದು ಮೊದಲ ಬಸ್ಸಿಗೆ ಮೊಳಕಾಲ್ಮುರಿಗೆ ಹೋದೆ. ಮಗ್ಗದ ಕೋಣೆಯಲ್ಲಿ ಮಗ್ಗ ಇರಲಿಲ್ಲ. ನೇಯುವಾಗ ಕಾಲಿಡುವ ಗುಂಡಿ ಮುಚ್ಚಿ ಸಿಮೆಂಟ್ ಹಾಕಿದ್ದರು.

“ಕೈ ನಡುಗೋ ಮನ್ಷ ಇಟ್ಕಂಡು ಏನ್ಮಾಡಾದು ಅಂತ ತಾನೇ ಗಿರಾಕೀನ ಕರೆಸಿ ಮಗ್ಗ ಮಾರಿಬಿಟ್ಟ” ಎಂದಳು ಅತ್ತಿಗೆ.

ಅಣ್ಣನ ಮುಂದೆ ಕೂತು ಹೇಳಿದೆ. “ನಿನ್ನ ಕೈ ನಡುಗ್ಲಿಲ್ಲ ಅಣ್ಣಾ. ನಂದು ತಪ್ಪು. ನಾನು ಬರೆದಿದ್ದೇ ತಪ್ಪು.”

ಅವನು ಚಿಮಟವನ್ನು ಹತ್ತಿರಕ್ಕೆ ಎಳೆದುಕೊಂಡ. “ಎಳೆ ಕೊಡೇ” ಎಂದು ಅತ್ತಿಗೆಯನ್ನು ಕೇಳಿದ. ಮನೆಯಲ್ಲಿ ಒಂದು ಎಳೆ ರೇಷ್ಮೆಯೂ ಉಳಿದಿರಲಿಲ್ಲ. ಅವಳು ತನ್ನ ಸೀರೆಯ ಸೆರಗಿನಿಂದ ಒಂದು ಎಳೆ ಬಿಡಿಸಿಕೊಟ್ಟಳು. ಅಣ್ಣ ಅದನ್ನು ಎರಡು ತುಂಡು ಮಾಡಿ, ಒಂದರ ತುದಿ ಚಿಮಟದ ಬಾಯಿಗಿಟ್ಟು ಸ್ವಿಚ್ ಒತ್ತಿದ. ಬೀಪ್. ಬಲಗೈಯ ಎರಡು ಬೆರಳು ಗಿರ್ರನೆ ತಿರುಗಿದವು. ಗಂಟು ಬಿತ್ತು. ಕಿತ್ತು ಮತ್ತೆ ಹಾಕಿದ. ಮತ್ತೆ ಹಾಕಿದ. ಒಂದೂ ತಪ್ಪಲಿಲ್ಲ.

“ಬಾಳ ಚೆನ್ನಾಗಿ ಹಿಡೀತೈತೆ ಕಣ್ಲೇ” ಎಂದವನು, ತಲೆ ಎತ್ತದೆ ಮತ್ತೆ ಸ್ವಿಚ್ ಒತ್ತಿದ.