ಕೆಂಪು ಸುತ್ತಿನೊಳಗಿನ ಅಲಮಾರಿ

ಮೊನ್ನೆ ಸೀರೆಗಳ ಮಡಿಕೆಯಲ್ಲಿ ಇಟ್ಟು ಮರೆತಿದ್ದ ಗಂಧದ ಸಾಬು ಸಿಕ್ಕಿತು. ಮೂಸಿದೊಡನೆ ಕುಷ್ಟಗಿಯ ನಮ್ಮ ಕನ್ನಡ ಮಾಸ್ತರು ನೆನಪಾದರು. ಪಾಠ ಮುಗಿದ ಮೇಲೆ ಕೈಗೆ ಹತ್ತಿದ ಸೀಮೆಸುಣ್ಣವನ್ನು ಅಂಥದೇ ಸಾಬಿನಿಂದ ತೊಳೆಯುತ್ತಿದ್ದರು...

ನಾನಾಗ ಎಂಟನೆಯ ತರಗತಿ. ಕೊಪ್ಪಳದ ಪ್ರಬಂಧ ಸ್ಪರ್ಧೆಗೆ ಶಾಲೆಯಿಂದ ಒಬ್ಬರನ್ನು ಆರಿಸಬೇಕಿತ್ತು. ವಿಷಯ ‘ನಮ್ಮ ಮನೆ’. ಪರಭಾಷೆಯ ಒಂದು ಪದವೂ ಇರಬಾರದೆಂದು ಮಾಸ್ತರು ಕಟ್ಟಪ್ಪಣೆ ಮಾಡಿದ್ದರು. ನಾನು ಅವ್ವನ ಅಲಮಾರಿ, ಅದರ ಚಾವಿ, ಬಚ್ಚಲಿನ ಬಾಲ್ದಿ, ಸಾಬು ಎಲ್ಲವನ್ನೂ ಪ್ರೀತಿಯಿಂದ ಬರೆದಿದ್ದೆ. ಹಾಳೆ ಮರಳಿ ಬಂದಾಗ ನಾಲ್ಕಕ್ಕೂ ಕೆಂಪು ಸುತ್ತು. ಕೆಳಗೆ ‘ಎಲ್ಲ ಉರ್ದು’ ಎಂಬ ಷರಾ. ಕೊಪ್ಪಳಕ್ಕೆ ಬೇರೆಯವಳು ಹೋದಳು.

ಹಾಳೆ ಹಿಡಿದುಕೊಂಡೇ ಹೋಗಿ ಕೇಳಿದೆ: “ಸರ್, ಅಲಮಾರಿಗೆ ಕನ್ನಡದಾಗ ಏನಂತಾರ್ರಿ?”

ಅವರು ಹಾಳೆಯನ್ನು ಮರಳಿ ಇಸಿದುಕೊಂಡರು. “ನೋಡಿ ಹೇಳ್ತೀನಿ” ಎಂದಷ್ಟೇ ಅಂದರು.

ಎರಡು ವಾರದ ಮೇಲೆ, ಒಂದು ಭಾನುವಾರ, ನಮ್ಮ ಮನೆಗೇ ಬಂದರು. ಧಾರವಾಡದ ಗ್ರಂಥಾಲಯದಲ್ಲಿ ನಿಘಂಟು ತಿರುವಿ ಬಂದಿದ್ದರಂತೆ. ಅವ್ವ ಗಾಬರಿಯಾಗಿ ಕುರ್ಚಿ ಸರಿಸಿದಳು. ಮಾಸ್ತರು ಕೂರದೆ ಹೇಳಿದರು: “ತಪ್ಪು ನಂದು ಐತ್ರಿ. ಉರ್ದು ಅಂತ ಬರದಿದ್ದೆ. ಇವು ಪೋರ್ಚುಗೀಸರ ಮಾತು.”

ಆಮೇಲೆ ಕುಳಿತು, ನನ್ನ ಹಾಳೆಯ ಹಿಂಬದಿಗೆ ಬರೆದು ತೋರಿಸಿದರು. ಪೋರ್ಚುಗೀಸರ ‘ಅರ್ಮಾರಿಯು’ ಪದದ ಮೊದಲ ‘ರ’ ನಮ್ಮ ಬಾಯಿಗೆ ಬರುವಷ್ಟರಲ್ಲಿ ‘ಲ’ ಆಗಿತ್ತು. ‘ಚಾವೆ’ ಚಾವಿಯಾಗಿತ್ತು, ಬಾಲ್ದಿ ಹೆಚ್ಚುಕಡಿಮೆ ಹಾಗೇ ಉಳಿದಿತ್ತು. ಪೋರ್ಚುಗೀಸರು ನಮ್ಮ ಸೀಮೆಯನ್ನು ಆಳಿದವರಲ್ಲ. ಅವರ ಹಡಗು ಗೋವೆಗೆ ತಂದ ಸಾಮಾನಿನ ಜತೆಗೆ ಹೆಸರೂ ಇಳಿಯಿತು. ಕೊಂಕಣಿ, ಮರಾಠಿ, ದಖನಿ ಆಡುವ ವ್ಯಾಪಾರಿಗಳ, ಕುಶಲಕರ್ಮಿಗಳ ನಾಲಿಗೆಯಿಂದ ನಾಲಿಗೆಗೆ ದಾಟಿ ಘಟ್ಟ ಹತ್ತಿತು. ಉರ್ದುವಿನವರೂ ಅವರಿಂದಲೇ ಕಲಿತದ್ದು.

“ಸಾಬು ಮಾತ್ರ ಖಾತ್ರಿ ಇಲ್ಲವ್ವಾ. ಅವರದು ‘ಸಬಾಂವ್’, ಅರಬರದು ‘ಸಾಬೂನ್’. ಯಾವ ದಾರೀಲೆ ಬಂತೋ... ಎರಡೂ ದಾರಿ ಅದಾವ.”

ಗೊತ್ತಿಲ್ಲವೆಂದು ಒಬ್ಬ ಮಾಸ್ತರು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮರುದಿನ ಇಡೀ ತರಗತಿಯ ಮುಂದೆ ನನ್ನ ಪ್ರಬಂಧವನ್ನು ತಾವೇ ಓದಿದರು. “ಈ ಹುಡುಗಿ ಬರದದ್ದು ಕನ್ನಡನ. ಮನಿಯೊಳಗ ನಾನೂರು ವರ್ಷ ಇದ್ದದ್ದು ಪರದೇಶಿ ಹೆಂಗಾದೀತು?” ಎಂದರು. ಸ್ಪರ್ಧೆ ಮುಗಿದುಹೋಗಿತ್ತು. ಆದರೂ ಅಂದು ಮನೆಗೆ ಓಡುತ್ತಲೇ ಹೋದೆ.

ನಾನೀಗ ಕೊಪ್ಪಳದ ಬಳಿಯ ಗಿಣಿಗೇರಾದಲ್ಲಿ ಕನ್ನಡ ಕಲಿಸುತ್ತೇನೆ. ಕಾರ್ಖಾನೆಯ ಕೆಲಸಗಾರರ ಮಕ್ಕಳೇ ಹೆಚ್ಚು. ಹೋದ ವಾರ ಒಬ್ಬಳು, “ಟೀಚರ್, ಪಗಾರಕ್ಕ ಕನ್ನಡದಾಗ ಏನಂತಾರ್ರಿ?” ಎಂದಳು. ಹುಡುಕಿದೆ. ಅದೂ ಗೋವೆಯ ಕಡೆಯಿಂದಲೇ ಬಂದದ್ದು. ಪೋರ್ಚುಗೀಸರಲ್ಲಿ ‘ಪಗಾರ್’ ಎಂದರೆ ಹಣ ಕೊಡುವುದು, ಸಲ್ಲಿಸುವುದು. ಖುಷಿಯಲ್ಲಿ ಮಾಸ್ತರರಿಗೆ ಹೇಳಬೇಕೆಂದು ಫೋನು ಕೈಗೆತ್ತಿಕೊಂಡೆ. ಅವರು ತೀರಿಹೋಗಿ ಎರಡು ವರ್ಷವಾಯಿತೆಂಬುದು ಹೆಸರು ಹುಡುಕುವಾಗ ನೆನಪಾಯಿತು...